ಗಣಿ ಕಾರ್ಮಿಕರಿಗೆ ಸೋಪು ಯಾಕೆ ಸಿಗಲಿಲ್ಲ: ಸೋವಿಯತ್ ಕುಸಿತದ ಬಗ್ಗೆ ಒಂದು ಉತ್ತರ ತಿದ್ದಿದ ಪ್ರಕರಣ

ನಾನು ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾಲ್ಕೈದು ಮಕ್ಕಳು ಭಾನುವಾರ ಬೆಳಿಗ್ಗೆ ಮನೆಗೆ ಬರುತ್ತಾರೆ. ಅವರು ಉತ್ತರ ಬರೆಯುತ್ತಾರೆ, ನಾನು ಕಾಫಿ ಕುಡಿಯುತ್ತಾ ಕೆಂಪು ಪೆನ್ನು ಹಿಡಿಯುತ್ತೇನೆ. ಈ ಪ್ರಕರಣ ಅವರಲ್ಲಿ ಒಬ್ಬಳದ್ದು. ಹೆಸರು, ಊರು ಬೇಡ. 'ಸು' ಅಂತ ಕರೆಯೋಣ.

ಒಂದು ಅಣಕು ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು: "ಸೋವಿಯತ್ ಒಕ್ಕೂಟ ಕುಸಿದದ್ದು ಯಾಕೆ? ಆರ್ಥಿಕ ಸಂಕಷ್ಟ, ರಾಜಕೀಯ ಸುಧಾರಣೆ, ಹೊರಗಿನ ಒತ್ತಡ ಇವುಗಳನ್ನು ತೂಗಿ ಉತ್ತರಿಸಿ." ಹದಿನೈದು ಅಂಕದ ಪ್ರಶ್ನೆ. ಸು ಹನ್ನೊಂದು ಕಾರಣ ಬರೆದಿದ್ದಳು. ಆಫ್ಘಾನಿಸ್ತಾನ, ಚೆರ್ನೋಬಿಲ್ ಅಣುಸ್ಥಾವರದ ಅಪಘಾತ, ತೈಲ ಬೆಲೆ, ಸೋವಿಯತ್ ನಾಯಕ ಗೋರ್ಬಚೆವ್, ಅಮೆರಿಕದ ಅಧ್ಯಕ್ಷ ರೇಗನ್, ಬಾಲ್ಟಿಕ್ ಜನ, ಎಲ್ಲರೂ ಇದ್ದರು. ಬಂದದ್ದು ನಾಲ್ಕೂವರೆ ಅಂಕ. ಪಕ್ಕದಲ್ಲಿ ತಿದ್ದಿದವರ ಷರಾ: "ಪಟ್ಟಿ ಇದೆ, ತೂಕ ಇಲ್ಲ."

ಅವಳಿಗೆ ಬೇಜಾರಾಗಿತ್ತು. "ಮೇಡಂ, ಇದರಲ್ಲಿ ತಪ್ಪು ಯಾವುದಿದೆ ಹೇಳಿ" ಅಂದಳು. ತಪ್ಪು ಒಂದೂ ಇರಲಿಲ್ಲ. ಹನ್ನೊಂದೂ ನಿಜವೇ. ಆದರೆ ಅವು ಒಂದರ ಪಕ್ಕ ಒಂದು ಸುಮ್ನೆ ಕೂತಿದ್ದವು. ಯಾವುದು ಯಾವುದನ್ನು ತಳ್ಳಿತು ಅನ್ನೋದು ಎಲ್ಲೂ ಇರಲಿಲ್ಲ.

ಮೊದಲ ತಪ್ಪು ಮಾಡಿದ್ದು ನಾನು. "ಹನ್ನೊಂದು ಬಿಡು, ಒಂದನ್ನು ಹಿಡಿದು ಗಟ್ಟಿಯಾಗಿ ವಾದ ಮಾಡು" ಅಂದೆ. ಒಬ್ಬಳು ವಿದ್ಯಾರ್ಥಿನಿಯ ಮೂರು ವಾರ ಈ ಸಲಹೆಗೆ ಹೋಯಿತು. ಆದರೂ ಆ ಮೂರು ವಾರ ಇಲ್ಲದಿದ್ದರೆ ಮುಂದಿನದು ಸಿಗುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ಮೊದಲ ವಾರ: ಎಲ್ಲಾ ದುಡ್ಡಿನ ಆಟ

ಸು ಆರಿಸಿಕೊಂಡದ್ದು ಆರ್ಥಿಕತೆ. ಚೆನ್ನಾಗಿಯೇ ಬರೆದಿದ್ದಳು. ಸೋವಿಯತ್ ಹೊಲಗಳು ಊರಿಗೆಲ್ಲ ಸಾಲುವಷ್ಟು ಧಾನ್ಯ ಬೆಳೆಯುತ್ತಿರಲಿಲ್ಲ. 1970ರ ದಶಕದಿಂದ ಆ ದೇಶ ಅಮೆರಿಕ, ಕೆನಡಾಗಳಿಂದ ಗೋಧಿ, ಮೆಕ್ಕೆಜೋಳ ತರಿಸುತ್ತಿತ್ತು. 1980ರ ದಶಕದ ಮೊದಲರ್ಧದ ಕೆಲವು ವರ್ಷಗಳಲ್ಲಿ ಅದು 4 ಕೋಟಿ ಟನ್ ದಾಟಿತು. ಅದಕ್ಕೆ ಡಾಲರ್ ಬೇಕು. ಡಾಲರ್ ಬರುತ್ತಿದ್ದದ್ದು ಪಶ್ಚಿಮ ಸೈಬೀರಿಯಾದ ತೈಲದಿಂದ. 1985ರ ಕೊನೆಗೆ ಸೌದಿ ಅರೇಬಿಯಾ ಜಾಸ್ತಿ ತೈಲ ಎತ್ತತೊಡಗಿತು. ಬೆಲೆ ಬಿತ್ತು. ಬ್ಯಾರೆಲ್ಲಿಗೆ 25 ಡಾಲರ್ ಮೇಲಿದ್ದದ್ದು 1986ರ ಮಧ್ಯದಲ್ಲಿ ಹತ್ತರ ಹತ್ತಿರ ಬಂತು. ಅಂದರೆ ರೊಟ್ಟಿ ಕೊಳ್ಳಲು ಒಂದೊಂದು ಬ್ಯಾರೆಲ್ಲಿನಿಂದ ಬರುತ್ತಿದ್ದ ದುಡ್ಡೇ ಅರ್ಧಕ್ಕಿಂತ ಕೆಳಗೆ.

ಅದರ ಜೊತೆಗೆ ಗೋರ್ಬಚೆವ್ ಬಂದ ಹೊಸತರಲ್ಲಿ, 1985ರ ಮೇ ತಿಂಗಳಲ್ಲಿ, ಕುಡಿತದ ವಿರುದ್ಧ ಅಭಿಯಾನ ಶುರುವಾಯಿತು. ಉದ್ದೇಶ ಒಳ್ಳೆಯದೇ. ಆದರೆ ವೋಡ್ಕಾದ ತೆರಿಗೆ ಸರ್ಕಾರದ ದೊಡ್ಡ ವರಮಾನ. ಅದು ಸೋರಿತು. ಜನ ಮನೆಯಲ್ಲೇ ಕಳ್ಳಭಟ್ಟಿ ಕಾಯಿಸತೊಡಗಿದರು. ಅದಕ್ಕೆ ಸಕ್ಕರೆ ಬೇಕು, ಹಾಗಾಗಿ ಅಂಗಡಿಯಲ್ಲಿ ಸಕ್ಕರೆ ಮಾಯ. (ಕುಡಿತ ನಿಲ್ಲಿಸಲು ಹೋಗಿ ಸಕ್ಕರೆ ಪಡಿತರಕ್ಕೆ ಬಂದ ಕತೆ ಕೇಳಿ ಮಕ್ಕಳೆಲ್ಲ ನಕ್ಕರು.)

ಓದಿ ಮುಗಿಸಿ ನಾನು ಎರಡು ಪ್ರಶ್ನೆ ಕೇಳಿದೆ. ತೈಲ ಬಿದ್ದದ್ದು 1986. ದೇಶ ಬಿದ್ದದ್ದು 1991. ಮಧ್ಯೆ ಐದು ವರ್ಷ ಏನಾಯಿತು? ಎರಡನೆಯದು, ಸೋವಿಯತ್ ನೆರವು ನಿಂತ ಮೇಲೆ ಕ್ಯೂಬಾ ಹಸಿದು ಕೂತಿತು. 1990ರ ದಶಕದ ಮಧ್ಯದಲ್ಲಿ ಉತ್ತರ ಕೊರಿಯಾದಲ್ಲಿ ಬರಗಾಲವೇ ಬಂತು. ಎರಡೂ ಕಡೆ ಪಕ್ಷ ಕುರ್ಚಿ ಬಿಡಲಿಲ್ಲ, ದೇಶ ಒಡೆಯಲಿಲ್ಲ. ಬಡತನಕ್ಕೇ ದೇಶ ಬೀಳುವುದಾದರೆ ಅವು ಮೊದಲು ಬೀಳಬೇಕಿತ್ತಲ್ವಾ?

ಅವಳ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನನ್ನ ಹತ್ತಿರವೂ ಪೂರ್ತಿ ಇರಲಿಲ್ಲ.

ಎರಡನೇ ವಾರ: ರೇಗನ್ ಕೆಡವಿದ್ದು

ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಯುದ್ಧವಿಮಾನ, ಕ್ಷಿಪಣಿ ಅಂದರೆ ಪ್ರಾಣ. "ಮೇಡಂ, ಇದರಲ್ಲಿ ಯೋಚನೆ ಮಾಡೋದೇನಿದೆ? ಅಮೆರಿಕ ಶಸ್ತ್ರಾಸ್ತ್ರದ ಓಟಕ್ಕೆ ಎಳೆದು ಸುಸ್ತು ಮಾಡಿ ಕೆಡವಿತು" ಅಂದ. ಸು ಆ ವಾದವನ್ನೇ ಬರೆದು ತಂದಳು.

ಇದನ್ನು ತಳ್ಳಿಹಾಕುವ ಹಾಗಿಲ್ಲ. ಅಮೆರಿಕಕ್ಕಿಂತ ತುಂಬಾ ಚಿಕ್ಕ ಆರ್ಥಿಕತೆ ಇಟ್ಟುಕೊಂಡು ಅಮೆರಿಕದಷ್ಟೇ ಸೈನ್ಯ ಸಾಕುವುದು ಹುಡುಗಾಟವಲ್ಲ. ಒಳ್ಳೆಯ ಎಂಜಿನಿಯರು, ಒಳ್ಳೆಯ ಉಕ್ಕು, ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಆಫ್ಘಾನಿಸ್ತಾನದಲ್ಲಿ ಒಂಬತ್ತು ವರ್ಷಕ್ಕೂ ಮೇಲೆ ಕಾದಾಡಿ ಸುಮಾರು 15 ಸಾವಿರ ಸೈನಿಕರು ಸತ್ತರು. 1983ರ ಮಾರ್ಚ್‌ನಲ್ಲಿ ರೇಗನ್ ಆಕಾಶದಲ್ಲೇ ಕ್ಷಿಪಣಿ ತಡೆಯುವ ಯೋಜನೆ ಘೋಷಿಸಿದಾಗ ಮಾಸ್ಕೋದಲ್ಲಿ ಗಾಬರಿಯಾದದ್ದೂ ನಿಜ.

ಆದರೆ ಇಸವಿಗಳನ್ನು ಸಾಲಾಗಿ ಇಟ್ಟರೆ ವಾದ ಕುಂಟುತ್ತದೆ. ಸೈನ್ಯದ ಭಾರ 1983ರಲ್ಲಿ ಹೊಸದಾಗಿ ಬಂದದ್ದಲ್ಲ. ದಶಕಗಳಿಂದ ಹೊತ್ತದ್ದೇ. 1987ರ ಡಿಸೆಂಬರ್‌ನಲ್ಲಿ ರೇಗನ್, ಗೋರ್ಬಚೆವ್ ಇಬ್ಬರೂ ಮಧ್ಯಮ ದೂರದ ಕ್ಷಿಪಣಿ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. 1989ರ ಫೆಬ್ರವರಿಯಲ್ಲಿ ಸೈನ್ಯ ಆಫ್ಘಾನಿಸ್ತಾನದಿಂದ ವಾಪಸ್ ಬಂತು. ಅದಕ್ಕೂ ಒಂದು ತಿಂಗಳು ಮೊದಲೇ ರೇಗನ್ ಅಧಿಕಾರ ಬಿಟ್ಟು ಮನೆಗೆ ಹೋಗಿದ್ದರು. ಅಂದರೆ ಒತ್ತಡ ಕಡಿಮೆಯಾಗುತ್ತಾ ಬಂದ ಹೊತ್ತಿನಲ್ಲೇ ದೇಶ ಬಿರುಕು ಬಿಟ್ಟಿತು.

ಆ ಹುಡುಗನನ್ನು ಸುಮ್ಮನಾಗಿಸಿದ್ದು ಇನ್ನೊಂದು ಸಂಗತಿ. 1991ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಬುಷ್ ಉಕ್ರೇನಿನ ಕೀವ್‌ಗೆ ಹೋಗಿ ಅಲ್ಲಿನ ಸಂಸತ್ತಿನಲ್ಲಿ ಮಾತಾಡಿದರು. ಅವರು ಉಕ್ರೇನಿಗೆ ಸ್ವಾತಂತ್ರ್ಯ ಸಿಗಲಿ ಅನ್ನಲಿಲ್ಲ. ಆತ್ಮಹತ್ಯೆಯಂಥ ರಾಷ್ಟ್ರವಾದ ಬೇಡ ಅಂತ ಎಚ್ಚರಿಸಿದರು. ಸಾವಿರಾರು ಅಣ್ವಸ್ತ್ರ ಇರುವ ದೇಶ ಚೂರಾದರೆ ಏನು ಗತಿ ಅನ್ನೋ ಭಯ ಅವರದ್ದು.

"ಕೆಡವೋಕೆ ಹೊರಟವರು ಕೊನೆಗೆ ಬೀಳಬೇಡ ಅಂತ ಕೈ ಹಿಡಿದ್ರಾ?" ಅಂತ ಸು ಕೇಳಿದಳು. ಹುಡುಗ ಏನೂ ಹೇಳಲಿಲ್ಲ.

ಹೊರಗಿನ ಒತ್ತಡ ಅಂದ ಕೂಡಲೇ ವಾಷಿಂಗ್ಟನ್ ಕಡೆಗೇ ನೋಡುವುದು ನಮ್ಮ ಅಭ್ಯಾಸ. ನಿಜವಾಗಿ ಹತ್ತಿರದ ಒತ್ತಡ ಬಂದದ್ದು ಪೂರ್ವ ಯುರೋಪಿನಿಂದ. 1989ರ ಜೂನ್‌ನಲ್ಲಿ ಪೋಲೆಂಡಿನ ಕಮ್ಯುನಿಸ್ಟರು ಚುನಾವಣೆಯಲ್ಲಿ ಸೋತರು. ಮಾಸ್ಕೋ ಟ್ಯಾಂಕು ಕಳಿಸಲಿಲ್ಲ. ಅದೇ ವರ್ಷ ಆಗಸ್ಟ್ 23ಕ್ಕೆ ಒಕ್ಕೂಟದೊಳಗಿನ ಬಾಲ್ಟಿಕ್ ಗಣರಾಜ್ಯಗಳಾದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದ ಸುಮಾರು 20 ಲಕ್ಷ ಜನ ಕೈಗೆ ಕೈ ಹಿಡಿದು 600 ಕಿಲೋಮೀಟರ್ ಉದ್ದ ನಿಂತರು. ಪಕ್ಕದ ಮನೆಯವನು ಬೀಗ ಒಡೆದು ಹೊರಗೆ ಬಂದ, ಯಾರೂ ಹೊಡೆಯಲಿಲ್ಲ. ಆಗ ಈ ಮನೆಯವರೂ ಬಾಗಿಲು ನೋಡುತ್ತಾರೆ.

ಮೂರನೇ ವಾರ: ಎಲ್ಲಾ ಗೋರ್ಬಚೆವ್ ತಪ್ಪು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬ ಮನುಷ್ಯನ ತಲೆಗೆ ಎಲ್ಲ ಕಟ್ಟುವ ಉತ್ತರ ಬರೆದು ತಂದಳು. ನಾನು ಒಂದೇ ಪ್ರಶ್ನೆ ಕೇಳಿದೆ: ಹಾಗಾದರೆ ಆತ ಸುಧಾರಣೆಗೆ ಕೈ ಹಾಕಿದ್ದು ಯಾಕೆ? ಉತ್ತರ ಹುಡುಕಲು ಹೋದರೆ ಮತ್ತೆ ಮೊದಲ ವಾರದ ತೈಲ, ಧಾನ್ಯಕ್ಕೇ ಬಂದು ನಿಂತೆವು. ಮೂರೂ ಕಾರಣಗಳಲ್ಲಿ ಒಂದು ಇನ್ನೊಂದರ ಕಡೆ ಬೆರಳು ತೋರಿಸುತ್ತಿತ್ತು.

ತಿರುವು: ಸೋಪು

ಮಾರನೇ ವಾರ ಸು ಬೇರೆ ಪ್ರಶ್ನೆ ಹಿಡಿದು ಬಂದಳು. ಎಲ್ಲೋ ಓದಿದ್ದಳಂತೆ. 1989ರ ಜುಲೈನಲ್ಲಿ ಸೈಬೀರಿಯಾದ ಕುಜ್‌ಬಾಸ್ ಕಲ್ಲಿದ್ದಲು ಪ್ರದೇಶದ ಮೆಝ್ದುರೆಚೆನ್ಸ್ಕ್ ಊರಿನಲ್ಲಿ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ಉಕ್ರೇನಿನ ದೊನ್‌ಬಾಸ್ ತನಕ ಹಬ್ಬಿ ಲಕ್ಷಗಟ್ಟಲೆ ಜನ ಸೇರಿದರು. ಅವರ ಬೇಡಿಕೆಗಳಲ್ಲಿ ಒಂದು, ಸೋಪು.

"ಮೇಡಂ, ಬಾಹ್ಯಾಕಾಶಕ್ಕೆ ಮೊದಲು ಮನುಷ್ಯನನ್ನು ಕಳಿಸಿದ ದೇಶದಲ್ಲಿ, ಮಸಿ ಮೆತ್ತಿಕೊಂಡು ಗಣಿಯಿಂದ ಮೇಲೆ ಬಂದವನಿಗೆ ಮೈ ತೊಳೆಯೋಕೆ ಸೋಪಿಲ್ವಾ? ಮೊದಲಿದ್ದ ನಾಯಕ ಬ್ರೆಜ್ನೆವ್ ಕಾಲದಲ್ಲಿ ಸಿಗ್ತಿತ್ತಲ್ಲ?"

ಈ 'ಸಿಗ್ತಿತ್ತಲ್ಲ' ಅನ್ನೋದೇ ನಮಗೆ ಬೇಕಾಗಿದ್ದದ್ದು. ವ್ಯವಸ್ಥೆ ಮೊದಲಿನಿಂದ ಸೊರಗಿತ್ತು, ಸರಿ. ಆದರೆ 1985ರಲ್ಲಿ ಹೇಗೋ ಸಿಗುತ್ತಿದ್ದ ಸೋಪು 1989ರಲ್ಲಿ ಯಾಕೆ ಸಿಗಲಿಲ್ಲ? ಅವತ್ತು ಎರಡೂವರೆ ಗಂಟೆ ಇದೊಂದನ್ನೇ ಬಿಡಿಸಿದೆವು.

ಹಳೆಯ ಪದ್ಧತಿಯಲ್ಲಿ ಕಾರ್ಖಾನೆಗೆ ಎರಡು ಥರದ ದುಡ್ಡಿತ್ತು. ಒಂದು ಲೆಕ್ಕದ ದುಡ್ಡು. ಒಂದು ಕಾರ್ಖಾನೆ ಇನ್ನೊಂದಕ್ಕೆ ಉಕ್ಕು ಕೊಟ್ಟರೆ ಬ್ಯಾಂಕಿನ ಪುಸ್ತಕದಲ್ಲಿ ಅಂಕಿ ಬದಲಾಗುತ್ತಿತ್ತು, ಅಷ್ಟೇ. ಇನ್ನೊಂದು ಕೈಗೆ ಸಿಗುವ ನೋಟು, ಸಂಬಳಕ್ಕೆ. ಇವೆರಡರ ಮಧ್ಯೆ ಗಟ್ಟಿ ಗೋಡೆ. ಯಾವ ಕಾರ್ಖಾನೆ ಎಷ್ಟು ಸಂಬಳ ಕೊಡಬೇಕು ಅನ್ನೋದನ್ನು ಮೇಲಿನವರು ಹೇಳುತ್ತಿದ್ದರು. ಅಂಗಡಿಯಲ್ಲಿ ಇರುವ ಸಾಮಾನು, ಜನರ ಕೈಲಿರುವ ನೋಟು, ಎರಡೂ ಸುಮಾರಾಗಿ ಹೊಂದುತ್ತಿದ್ದದ್ದು ಈ ಗೋಡೆಯಿಂದ.

1987ರಲ್ಲಿ ಸರ್ಕಾರಿ ಉದ್ಯಮಗಳ ಹೊಸ ಕಾನೂನು ಬಂತು. 1988ರ ಜನವರಿಯಿಂದ ಜಾರಿ. ಕಾರ್ಖಾನೆ ತನ್ನ ಲಾಭದಲ್ಲಿ ಜಾಸ್ತಿ ಪಾಲು ತಾನೇ ಇಟ್ಟುಕೊಳ್ಳಬಹುದು. ನಿರ್ದೇಶಕನನ್ನು ಕೆಲಸಗಾರರೇ ಆರಿಸಬಹುದು. 1988ರ ಮೇನಲ್ಲಿ ಸಹಕಾರಿ ಕಾನೂನು ಬಂದು, ಕಾರ್ಖಾನೆಯ ಪಕ್ಕದಲ್ಲೇ ಚಿಕ್ಕ ಖಾಸಗಿ ಘಟಕ ಇಡಬಹುದು ಅಂತಾಯಿತು. ಕೇಳಲು ಚೆನ್ನಾಗಿದೆ. ಆದರೆ ಆರಿಸಿ ಬರಬೇಕಾದ ನಿರ್ದೇಶಕ ಮೊದಲು ಏನು ಮಾಡುತ್ತಾನೆ? ಸಂಬಳ ಏರಿಸುತ್ತಾನೆ. ಸಹಕಾರಿಯ ಮೂಲಕ ಲೆಕ್ಕದ ದುಡ್ಡು ನೋಟಾಗಿ ಹೊರಗೆ ಹರಿಯಿತು. ಗೋಡೆ ತೂತಾಯಿತು.

ಬೆಲೆ ಮಾತ್ರ ಸರ್ಕಾರ ಹೇಳಿದಷ್ಟೇ! ಬೆಲೆ ಬಿಟ್ಟರೆ ಜನ ಬೀದಿಗೆ ಬರುತ್ತಾರೆ ಅಂತ ಅದನ್ನು ಮುಂದೂಡುತ್ತಾ ಹೋದರು. ಸಂತೆಯೊಂದನ್ನು ನೆನೆಸಿಕೊಳ್ಳಿ. ಎಲ್ಲರ ಜೇಬೂ ತುಂಬಿದೆ, ಸಾಮಾನು ಹಿಂದಿನಷ್ಟೇ, ಬೆಲೆ ಏರಿಸುವ ಹಾಗಿಲ್ಲ. ಮೊದಲು ಬಂದವನು ಮೂರು ವರ್ಷಕ್ಕಾಗುವಷ್ಟು ಸೋಪು ಹೊತ್ತುಕೊಂಡು ಹೋಗುತ್ತಾನೆ. ಎರಡನೆಯವನಿಗೆ ಇಲ್ಲ. ಇತ್ತ ಕಾರ್ಖಾನೆಯವನೂ ಕಡಿಮೆ ಬೆಲೆಯ ಮಾಲು ಮಾಡುವುದು ಬಿಟ್ಟು ಲಾಭ ಬರುವ ಮಾಲಿನ ಕಡೆ ತಿರುಗುತ್ತಾನೆ.

ಖಜಾನೆಯ ಕಡೆ ನೋಡಿದರೆ ವೋಡ್ಕಾ ತೆರಿಗೆ ಇಲ್ಲ, ತೈಲದ ದುಡ್ಡಿಲ್ಲ, ಕಾರ್ಖಾನೆಯ ಲಾಭವೂ ಮೊದಲಿನಷ್ಟು ಬರುತ್ತಿಲ್ಲ. 1985ರಲ್ಲಿ ಜಿಡಿಪಿಯ ಸುಮಾರು 2% ಇದ್ದ ಬಜೆಟ್ ಕೊರತೆ 1988ಕ್ಕೆ 9%ರ ಹತ್ತಿರ ಹೋಯಿತು. ಕೊರತೆ ತುಂಬಲು ನೋಟು ಅಚ್ಚು ಹಾಕಿದರು. ಆ ನೋಟೂ ಅದೇ ಖಾಲಿ ಅಂಗಡಿಯ ಮುಂದೆ ಕ್ಯೂ ನಿಂತಿತು.

ಸು ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಇದು ಆರ್ಥಿಕ ಕಾರಣವೋ ರಾಜಕೀಯ ಕಾರಣವೋ?"

ಇಲ್ಲಿ ನನಗೂ ಹೊಳೆಯಿತು. ಪ್ರಶ್ನೆ ಮೂರು ಡಬ್ಬಿ ಕೊಟ್ಟು ತುಂಬಿಸಿ ಅನ್ನುತ್ತದೆ. ಸೋಪು ಯಾವ ಡಬ್ಬಿಯಲ್ಲೂ ಕೂರುವುದಿಲ್ಲ. ಹಳೆಯ ಕಾಯಿಲೆ ಆರ್ಥಿಕ. ಅದಕ್ಕೆ ಕೊಟ್ಟ ಔಷಧಿ ರಾಜಕೀಯ ತೀರ್ಮಾನ. ಔಷಧಿ ಅರ್ಧಕ್ಕೆ ಕೊಟ್ಟದ್ದರಿಂದ ನಿಧಾನದ ಕಾಯಿಲೆ ಜ್ವರವಾಗಿ ಏರಿತು. 'ಯಾಕೆ ಸೊರಗಿತು' ಅನ್ನೋದು ಒಂದು ಪ್ರಶ್ನೆ, 'ಯಾಕೆ ಆಗಲೇ, ಹಾಗೆಯೇ ಒಡೆಯಿತು' ಅನ್ನೋದು ಇನ್ನೊಂದು. ಸು ಮೂರು ವಾರ ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆಯುತ್ತಿದ್ದಳು, ನಾನು ತಿದ್ದುತ್ತಲೇ ಇದ್ದೆ.

ಜ್ವರದಿಂದ ಒಡಕಿಗೆ

ಖಾಲಿ ಅಂಗಡಿಯಿಂದ ಸಿಟ್ಟು ಬರುತ್ತದೆ, ಸರಿ. ಸಿಟ್ಟಿನಿಂದ ಹದಿನೈದು ದೇಶ ಹೇಗೆ ಹುಟ್ಟಿದವು? ಸು ಇದನ್ನು ತಾನೇ ಹುಡುಕಿ ತಂದಳು. ಅವಳ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು.

1989ರ ಮಾರ್ಚ್‌ನಲ್ಲಿ ಇಡೀ ಒಕ್ಕೂಟದ ಮಟ್ಟದಲ್ಲಿ ಮೊದಲ ಬಾರಿ ಪೈಪೋಟಿ ಇರುವ ಚುನಾವಣೆ ನಡೆಯಿತು. 1990ರಲ್ಲಿ ಒಂದೊಂದು ಗಣರಾಜ್ಯದ ಸಂಸತ್ತಿಗೂ ಚುನಾವಣೆ ಆಯಿತು. ಆ ವರ್ಷದ ಮಾರ್ಚ್‌ನಲ್ಲಿ ಸಂವಿಧಾನದ ಆರನೇ ವಿಧಿಯಿಂದ ಪಕ್ಷದ ಏಕಸ್ವಾಮ್ಯ ತೆಗೆದರು. ಗೋರ್ಬಚೆವ್ ಅಧ್ಯಕ್ಷರಾದದ್ದೂ ಆಗಲೇ. ಆದರೆ ಅವರು ಜನರ ಮತದಿಂದ ಬರಲಿಲ್ಲ, ಪ್ರತಿನಿಧಿಗಳ ಸಭೆ ಆರಿಸಿತು. ಸೋವಿಯತ್ ಒಕ್ಕೂಟ ಕಾಗದದ ಮೇಲೆ ಗಣರಾಜ್ಯಗಳ ಒಕ್ಕೂಟ. ಬಿಟ್ಟುಹೋಗುವ ಹಕ್ಕು 1977ರ ಸಂವಿಧಾನದ 72ನೇ ವಿಧಿಯಲ್ಲೇ ಇತ್ತು. ಅದು ಸುಮ್ನೆ ಬರೆದಿಟ್ಟದ್ದು. ನಿಜವಾಗಿ ಎಲ್ಲವನ್ನೂ ಹಿಡಿದಿಟ್ಟದ್ದು ಪಕ್ಷ ಅನ್ನೋ ದಾರ. ಈಗ ದಾರ ಎಳೆದುಬಿಟ್ಟರು. ಕಾಗದದ ಮೇಲಿದ್ದ ಗಣರಾಜ್ಯಗಳಿಗೆ ಮತ ಪಡೆದ ನಾಯಕರು ಬಂದರು.

1990ರ ಜೂನ್ 12ಕ್ಕೆ ರಷ್ಯಾವೇ ತನ್ನ ಸಾರ್ವಭೌಮತೆ ಘೋಷಿಸಿತು. ಕೇಂದ್ರ ಅಂದರೇ ರಷ್ಯಾ ಅಂದುಕೊಂಡವರಿಗೆ ಇದು ವಿಚಿತ್ರ. ಆದರೆ ರಷ್ಯಾದ ನಾಯಕ ಯೆಲ್ತ್ಸಿನ್ ಕೈಗೆ ಅಲ್ಲಿನ ಸಂಸತ್ತು ಸಿಕ್ಕಿತ್ತು, ಗೋರ್ಬಚೆವ್ ಕೈಯಲ್ಲಿ ಒಕ್ಕೂಟ ಇತ್ತು. ಯಾರ ಕಾನೂನು ದೊಡ್ಡದು ಅಂತ ಜಗಳ. 1991ರಲ್ಲಿ ಅದು ದುಡ್ಡಿನ ಜಗಳವಾಯಿತು. ಗಣರಾಜ್ಯಗಳು, ಮುಖ್ಯವಾಗಿ ರಷ್ಯಾ, ಕೇಂದ್ರಕ್ಕೆ ಕೊಡಬೇಕಾದ ಹಣವನ್ನು ತಡೆಹಿಡಿದವು. ಸೈನ್ಯಕ್ಕೆ, ಪಿಂಚಣಿಗೆ, ಅಧಿಕಾರಿಗಳಿಗೆ ಕೊಡಬೇಕಾದ ಕೇಂದ್ರ ಮತ್ತೆ ನೋಟು ಅಚ್ಚು ಹಾಕಿತು. ಸೋಪಿನ ಕತೆ ಇನ್ನೂ ದೊಡ್ಡದಾಯಿತು.

ಒಂದು ಗಂಟು ಉಳಿದಿತ್ತು. 1991ರ ಮಾರ್ಚ್ 17ರ ಜನಮತದಲ್ಲಿ ಒಕ್ಕೂಟ ಉಳಿಯಲಿ ಅಂತ ಸುಮಾರು 76% ಮತ ಬಿತ್ತು. ಆರು ಗಣರಾಜ್ಯ ಅದನ್ನು ಬಹಿಷ್ಕರಿಸಿದ್ದವು ನಿಜ, ಆದರೆ ಉಕ್ರೇನಿನಲ್ಲೂ ಉಳಿಯಲಿ ಅಂದವರೇ ಬಹುಮತ. ಡಿಸೆಂಬರ್ 1ಕ್ಕೆ ಅದೇ ಉಕ್ರೇನಿನಲ್ಲಿ 90%ಗೂ ಹೆಚ್ಚು ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಎಂಟೂವರೆ ತಿಂಗಳಲ್ಲಿ ಜನ ತಲೆಕೆಳಗಾದರಾ?

ಮಧ್ಯೆ ಆಗಸ್ಟ್ ಬಂದಿತ್ತು. ಗಣರಾಜ್ಯಗಳಿಗೆ ಜಾಸ್ತಿ ಅಧಿಕಾರ ಕೊಡುವ ಹೊಸ ಒಪ್ಪಂದಕ್ಕೆ 20ನೇ ತಾರೀಖು ಸಹಿ ಆಗಬೇಕಿತ್ತು. ಅದನ್ನು ತಡೆಯಲು 19ಕ್ಕೆ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥರು, ರಕ್ಷಣಾ ಮಂತ್ರಿ ಮೊದಲಾದವರು ಸೇರಿ ಗೋರ್ಬಚೆವ್‌ರನ್ನು ಕ್ರಿಮಿಯಾದಲ್ಲಿ ಕೂಡಿಹಾಕಿ ದಂಗೆ ಎದ್ದರು. ಮೂರು ದಿನದಲ್ಲಿ ಅದು ಬಿದ್ದುಹೋಯಿತು. ಒಕ್ಕೂಟ ಉಳಿಸಲು ಎದ್ದವರೇ ಒಕ್ಕೂಟದ ಮೇಲೆ ಉಳಿದಿದ್ದ ನಂಬಿಕೆ ಕಳೆದರು. 24ಕ್ಕೆ ಉಕ್ರೇನ್ ಸ್ವಾತಂತ್ರ್ಯ ಘೋಷಿಸಿತು. ಡಿಸೆಂಬರ್ 8ಕ್ಕೆ ರಷ್ಯಾ, ಉಕ್ರೇನ್, ಬೆಲಾರೂಸ್ ನಾಯಕರು ಬೆಲಾರೂಸಿನ ಕಾಡಿನ ಅತಿಥಿಗೃಹದಲ್ಲಿ ಕೂತು ಒಕ್ಕೂಟ ಇನ್ನಿಲ್ಲ ಅಂತ ಸಹಿ ಹಾಕಿದರು. 25ಕ್ಕೆ ಗೋರ್ಬಚೆವ್ ಟಿವಿಯಲ್ಲಿ ರಾಜೀನಾಮೆ ಓದಿದರು.

ಕಾರ್ಡು ತೆಗೆದು ನೋಡಿದ್ದು

ಕೊನೆಗೆ ತೂಗಬೇಕಲ್ಲ. ರಟ್ಟಿನ ಚೂರುಗಳ ಮೇಲೆ ಕಾರಣಗಳನ್ನು ಬರೆದು ಮೇಜಿನ ಮೇಲೆ ಹರಡಿದೆವು. ಒಂದನ್ನು ತೆಗೆದರೆ ಉಳಿದವು 1991ಕ್ಕೆ ಮುಟ್ಟುತ್ತವಾ ಅನ್ನೋದು ಆಟ. ರೇಗನ್‌ರ ಆಕಾಶ ರಕ್ಷಣೆಯ ಕಾರ್ಡು ತೆಗೆದೆವು. ಕತೆ ಹೆಚ್ಚುಕಡಿಮೆ ಹಾಗೇ ನಿಂತಿತು. ತೈಲ ಬೆಲೆ ತೆಗೆದೆವು. ಬೀಳುವುದು ತಡವಾಗಬಹುದು, ಇನ್ನೊಂದು ಹತ್ತು ವರ್ಷ ತಳ್ಳಬಹುದು ಅನಿಸಿತು. 1990ರ ಗಣರಾಜ್ಯ ಚುನಾವಣೆ ತೆಗೆದಾಗ ಖಾಲಿ ಅಂಗಡಿ ಉಳಿಯಿತು, ಮುಷ್ಕರ ಉಳಿಯಿತು, ಆದರೆ ತೆರಿಗೆ ತಡೆಯಲು ಯಾರೂ ಇಲ್ಲ, ಸಹಿ ಹಾಕಲು ಮೂರು ನಾಯಕರೂ ಇಲ್ಲ. ದೇಶ ಬಡವಾಗಿ, ಬಹುಶಃ ಕ್ರೂರವಾಗಿ, ಇನ್ನೂ ಇರುತ್ತಿತ್ತು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ಕಾರ್ಡುಗಳು ಬಿಡಿ ಬಿಡಿ ಅಲ್ಲ ಕಣ್ರೀ. ದುಡ್ಡಿದ್ದಿದ್ದರೆ ಚುನಾವಣೆಯ ಮಾತೇ ಬರ್ತಿರಲಿಲ್ಲ. ಒಂದನ್ನು ಎತ್ತಿದರೆ ಇನ್ನೊಂದೂ ಮೇಲೆ ಬರುತ್ತೆ" ಅಂದರು. ಅವರ ಮಾತು ಸರಿ. ಆಟದ ಮಿತಿ ಅದು. ಆದರೂ ಚೀನಾ ಅವರ ವಾದಕ್ಕೆ ಅಡ್ಡ ಬರುತ್ತದೆ. ಅಲ್ಲೂ ದುಡ್ಡಿಲ್ಲದೆ 1978ರ ಕೊನೆಯಲ್ಲಿ ಸುಧಾರಣೆ ಶುರುವಾಯಿತು. ಹೊಲದಿಂದ ಶುರು ಮಾಡಿದರು, ಪಕ್ಷದ ಹಿಡಿತ ಬಿಡಲಿಲ್ಲ. 1989ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಗುಂಡು ಹಾರಿಸಿದರು. ಇದನ್ನು ಹೊಗಳುತ್ತಿಲ್ಲ. ದುಡ್ಡಿನ ಬಿಕ್ಕಟ್ಟಿಗೆ ಒಂದೇ ದಾರಿ ಇರಲಿಲ್ಲ ಅನ್ನುವುದಷ್ಟೇ.

ಸು ಬರೆದ ಕೊನೆಯ ಉತ್ತರ ಹೀಗೆ ಶುರುವಾಗಿತ್ತು: "ಆರ್ಥಿಕ ಸಂಕಷ್ಟ ಸುಧಾರಣೆಯನ್ನು ಅನಿವಾರ್ಯ ಮಾಡಿತು. ಅರೆಬರೆ ಸುಧಾರಣೆ ಸಂಕಷ್ಟವನ್ನು ಬಿಕ್ಕಟ್ಟು ಮಾಡಿತು. ಚುನಾವಣೆ ಆ ಬಿಕ್ಕಟ್ಟಿಗೆ ಗಣರಾಜ್ಯಗಳ ಗಡಿಯ ಆಕಾರ ಕೊಟ್ಟಿತು. ಹೊರಗಿನ ಒತ್ತಡ ಭಾರ ಹೆಚ್ಚಿಸಿತು, ದಿಕ್ಕು ತೋರಿಸಲಿಲ್ಲ." ಹನ್ನೊಂದು ಕಾರಣಗಳಲ್ಲಿ ಐದು ಮಾತ್ರ ಉಳಿದಿದ್ದವು. ಚೆರ್ನೋಬಿಲ್ ಬಿಟ್ಟದ್ದು ನನಗೆ ಸ್ವಲ್ಪ ಬೇಸರ. ಅಪಘಾತವನ್ನು ಮುಚ್ಚಿಟ್ಟದ್ದರಿಂದಲೇ ಮುಕ್ತವಾಗಿ ಮಾತಾಡುವ ನೀತಿಗೆ ಜೋರು ಬಂತು. ಆದರೆ ಪುಟ ಮುಗಿದಿತ್ತು. ಬೇರೊಬ್ಬರು ತಿದ್ದಿ ಒಂಬತ್ತು ಅಂಕ ಕೊಟ್ಟರು. 'ದಿಕ್ಕು ತೋರಿಸಲಿಲ್ಲ' ಅನ್ನೋದರ ಕೆಳಗೆ ಗೆರೆ ಎಳೆದು "ಪೋಲೆಂಡ್?" ಅಂತ ಬರೆದಿದ್ದರು. ಎರಡನೇ ವಾರ ನಾವೇ ಮಾತಾಡಿದ್ದು, ಬರೆಯುವಾಗ ಮರೆತಿದ್ದಳು.

ಸು ಮನೆಯಲ್ಲಿ ಕಾಫಿ ತೋಟ ಇದೆ. ಸೋವಿಯತ್ ಒಕ್ಕೂಟ ಆಗ ನಮ್ಮ ಕಾಫಿಯ ದೊಡ್ಡ ಗಿರಾಕಿ. ಕಾಫಿ ಮಂಡಳಿ ಬೆಳೆಗಾರರಿಂದ ತೆಗೆದುಕೊಂಡ ಕಾಫಿಯಲ್ಲಿ ಬಹಳಷ್ಟು ರೂಪಾಯಿ ಲೆಕ್ಕದ ವ್ಯಾಪಾರದಲ್ಲಿ ಅಲ್ಲಿಗೆ ಹೋಗುತ್ತಿತ್ತು. ಆ ದೇಶ ಇಲ್ಲವಾದಾಗ ಇಲ್ಲಿ ತೋಟದವರಿಗೂ ಹೊಡೆತ ಬಿತ್ತು. ಉತ್ತರವನ್ನು ಅವಳು ಅಜ್ಜನಿಗೆ ಓದಿ ಹೇಳಿದಳಂತೆ. ಅಜ್ಜ ಪೂರ್ತಿ ಕೇಳಿ, "ಅವರ ಕೈಲಿ ಸೋಪಿಗೇ ದುಡ್ಡಿರಲಿಲ್ಲ ಅಂತೀಯ. ಮತ್ತೆ ನಮ್ಮ ಕಾಫಿ ಹೆಂಗೆ ತಗೊಳ್ತಿದ್ರು?" ಅಂದರಂತೆ.

"ದುಡ್ಡಿತ್ತು ಅಜ್ಜ, ಸೋಪಿರಲಿಲ್ಲ" ಅಂತ ಇವಳು ಮತ್ತೆ ಮೊದಲಿನಿಂದ ಶುರು ಮಾಡಿದಳಂತೆ.